ಸುಸ್ತಿಯಾದ ಎರಡು ಕಂತು, ಮ್ಯಾನೇಜರಿಗೆ ಒಂದು ಇಮೇಲ್

ಹುಬ್ಬಳ್ಳಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕ ನಡೆಸುವ ಮಹಿಳೆಯೊಬ್ಬರು ತಮ್ಮ ಬ್ಯಾಂಕ್ ಮ್ಯಾನೇಜರಿಗೆ ಕಳಿಸಲೆಂದು ಒಂದು ಇಮೇಲ್ ಬರೆದಿಟ್ಟುಕೊಂಡಿದ್ದರು. ಕಳಿಸುವ ಮುನ್ನ ನನಗೆ ತೋರಿಸಿದರು. ಬಹಳ ಕಾಲ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು ಇಂಥ ಪತ್ರಗಳನ್ನು ಓದಿದವನು ನಾನು, ಹಾಗಾಗಿ ಮೇಜಿನ ಆ ಬದಿಯಲ್ಲಿ ಅದು ಹೇಗೆ ಓದಿಸಿಕೊಳ್ಳುತ್ತದೆ ಎಂದು ಅವರಿಗೆ ಹೇಳಬಲ್ಲವನಾಗಿದ್ದೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟು, ಆ ಇಮೇಲ್ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಲ ಮುದ್ರಾ ಯೋಜನೆಯ ತರುಣ್ ವರ್ಗದ್ದು: 8 ಲಕ್ಷ ರೂಪಾಯಿ, ಶೇ. 11 ಬಡ್ಡಿ, 60 ತಿಂಗಳು. ತಿಂಗಳ ಕಂತು 17,394 ರೂಪಾಯಿ, ಪ್ರತಿ ತಿಂಗಳ 5ಕ್ಕೆ. ಆ ಹಣದಲ್ಲಿ ಕೊಂಡದ್ದು ಹೊಲಿಗೆ ಯಂತ್ರಗಳು, ಒಂದು ಓವರ್‌ಲಾಕ್ ಯಂತ್ರ, ಒಂದು ಕಾಜಾ ಯಂತ್ರ. 26 ಕಂತುಗಳನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದರು. ಸಮವಸ್ತ್ರದ ವ್ಯವಹಾರದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಬಟ್ಟೆಗೂ ಕೂಲಿಗೂ ಹಣ ಸುರಿಯಬೇಕು, ಶಾಲೆಗಳಿಂದ ಅದು ವಾಪಸು ಬರುವುದು ಜುಲೈ, ಆಗಸ್ಟ್‌ನಲ್ಲಿ. ಆ ವರ್ಷ ಎರಡು ಶಾಲೆಗಳು ಹಣ ಕೊಡಲಿಲ್ಲ. ಒಂದರಿಂದ 92,000, ಇನ್ನೊಂದರಿಂದ 58,000 ಬರಬೇಕಿತ್ತು. ಬೇರೆ ವರ್ಷವಾಗಿದ್ದರೆ ಕೈಯಲ್ಲಿದ್ದ ಉಳಿತಾಯದಿಂದ ಎರಡು ತಿಂಗಳು ತಳ್ಳಬಹುದಿತ್ತು. ಗಂಡನ ಶಸ್ತ್ರಚಿಕಿತ್ಸೆಗೆ ಅದು ಮೇ ತಿಂಗಳಲ್ಲೇ ಖರ್ಚಾಗಿತ್ತು. ಆಗಸ್ಟ್ 5ರ ಕಂತು ತಪ್ಪಿತು, ಸೆಪ್ಟೆಂಬರ್ 5ರದ್ದೂ ತಪ್ಪಿತು. ಸೆಪ್ಟೆಂಬರ್ 12ರಂದು ಅವರು ಬರೆದ ಇಮೇಲ್ ಹೀಗಿತ್ತು:

ವಿಷಯ: ಮನವಿ

"ಗೌರವಾನ್ವಿತ ಸರ್, ತಮ್ಮ ಪಾದಗಳಿಗೆ ನಮಸ್ಕರಿಸಿ ಬೇಡಿಕೊಳ್ಳುವುದೇನೆಂದರೆ, ನಾನು ತುಂಬ ಕಷ್ಟದಲ್ಲಿದ್ದೇನೆ. ಮೇ ತಿಂಗಳಲ್ಲಿ ಯಜಮಾನರಿಗೆ ಶಸ್ತ್ರಚಿಕಿತ್ಸೆಯಾಗಿ ಇದ್ದಬದ್ದ ಹಣವೆಲ್ಲ ಹೋಯಿತು. ಶಾಲೆಯವರು ದುಡ್ಡು ಕೊಡದೆ ಸತಾಯಿಸುತ್ತಿದ್ದಾರೆ. ನಿಮ್ಮ ಕಚೇರಿಯವರು ದಿನಾ ಫೋನ್ ಮಾಡಿ ಅವಮಾನವಾಗುವಂತೆ ಮಾತನಾಡುತ್ತಾರೆ. ನಾವು ಓಡಿಹೋಗುವ ಜನ ಅಲ್ಲ. ಎರಡು ವರ್ಷ ಒಂದೂ ಕಂತು ತಪ್ಪಿಸಿಲ್ಲ. ಆರು ತಿಂಗಳು ಕಂತು ನಿಲ್ಲಿಸಿ ಬಡ್ಡಿ ಮನ್ನಾ ಮಾಡಬೇಕು. ಬೇಕಾದರೆ ಒಂದು ಯಂತ್ರ ಮಾರಿಯಾದರೂ ಕಟ್ಟುತ್ತೇನೆ. ಸ್ವಲ್ಪ ಸಮಯ ಕೊಡಿ. ಇಲ್ಲ ಎನ್ನಬೇಡಿ ಸರ್, ನೀವೇ ದಿಕ್ಕು."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಮ್ಯಾನೇಜರ್ ಇದನ್ನು ಓದಿ ಏನು ಮಾಡಬಹುದು? ಸಾಲದ ಖಾತೆ ಸಂಖ್ಯೆ ಇಲ್ಲ. ಬಾಕಿ ಎಷ್ಟು ಎಂದಿಲ್ಲ. ಸ್ವಲ್ಪ ಸಮಯ ಎಂದರೆ ಹದಿನೈದು ದಿನವೋ ವರ್ಷವೋ ಗೊತ್ತಿಲ್ಲ. ಶಾಲೆಯಿಂದ ಎಷ್ಟು ಬರಬೇಕು, ಯಾವಾಗ ಬರುತ್ತದೆ ಎಂಬುದು, ಅಂದರೆ ಇಡೀ ಪತ್ರದಲ್ಲಿ ಬ್ಯಾಂಕಿಗೆ ಬೇಕಾದ ಒಂದೇ ಒಂದು ಸಂಗತಿ, ಸತಾಯಿಸುತ್ತಿದ್ದಾರೆ ಎಂಬ ದೂರಿನೊಳಗೆ ಮುಚ್ಚಿಹೋಗಿದೆ. ಅವರ ಅತಿ ದೊಡ್ಡ ಬಲ 26 ಕಂತುಗಳ ಶಿಸ್ತು. ಅದು ಕೂಡ ಯಾರೋ ಆರೋಪ ಹೊರಿಸಿದಾಗ ಕೊಡುವ ಸಮಜಾಯಿಷಿಯಂತೆ ಬಂದಿದೆ.

ಪಾದ, ದಿಕ್ಕು ಮುಂತಾದ ಮಾತುಗಳನ್ನು ತೆಗೆಯಿರಿ ಎಂದಾಗ ಅವರು ಸ್ವಲ್ಪ ಹಿಂಜರಿದರು. "ಹಂಗ ಬರೆಯದಿದ್ದರೆ ಸೊಕ್ಕು ಅಂದುಕೊಳ್ಳೋದಿಲ್ಲೇನ್ರಿ ಸರ್?" ಎಂದರು. ಅರ್ಜಿ ಎಂದರೆ ಬೇಡುವುದು ಎಂಬ ರೂಢಿ ನಮ್ಮಲ್ಲಿ ತಾಲ್ಲೂಕು ಕಚೇರಿಯ ಕಾಲದಿಂದ ಬಂದದ್ದು. ಸಾಲದ ಪತ್ರದಲ್ಲಿ ಅದು ತಿರುಗಿ ಹೊಡೆಯುತ್ತದೆ. ಮ್ಯಾನೇಜರಿಗೆ ಸ್ವಂತ ಕರುಣೆಯಿಂದ ಕೊಡಬಹುದಾದದ್ದು ತೀರಾ ಕಡಿಮೆ. ಅವರು ಕೊಡುವ ಪ್ರತಿಯೊಂದಕ್ಕೂ ಕಡತದಲ್ಲಿ ಒಂದು ಟಿಪ್ಪಣಿ ಬೇಕು, ಲೆಕ್ಕಪರಿಶೋಧಕರು ಬಂದಾಗ ಅದನ್ನು ತೋರಿಸಬೇಕು. ಕಣ್ಣೀರನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ. ದಿನಾಂಕವನ್ನೂ ಮೊತ್ತವನ್ನೂ ಸೇರಿಸಬಹುದು.

ಫೋನ್ ಕರೆಗಳ ದೂರನ್ನು ಈ ಇಮೇಲ್‌ನಿಂದ ಬೇರ್ಪಡಿಸಿದೆವು. ದೂರು ಸುಳ್ಳಾಗಿರಲಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದು, ಬೆದರಿಸಬಾರದು, ಹೀನಾಯವಾಗಿ ಮಾತನಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೆ ಒಂದೇ ಪತ್ರದಲ್ಲಿ ದೂರೂ ಪ್ರಸ್ತಾಪವೂ ಇದ್ದರೆ ಓದುವವರು ಮೊದಲು ದೂರಿಗೆ ಉತ್ತರ ಹುಡುಕುತ್ತಾರೆ, ಪ್ರಸ್ತಾಪ ಪಕ್ಕಕ್ಕೆ ಸರಿಯುತ್ತದೆ. ದೂರಿಗೆ ಅದರದೇ ಪತ್ರ, ಅದರದೇ ದಾರಿ ಇದೆ.

ಯಂತ್ರ ಮಾರುವ ಮಾತನ್ನು ಹೊಡೆದುಹಾಕಲು ಕಾರಣ ಬೇರೆ. ಯಂತ್ರಗಳು ಸಾಲದ ಭದ್ರತೆಯಾಗಿ ಬ್ಯಾಂಕಿಗೆ ಬರೆದುಕೊಟ್ಟವು. ಅವರ ಬಳಿ ಇದ್ದರೂ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವ ಹಕ್ಕು ಅವರಿಗಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದ ಆ ವಾಕ್ಯ, ಅಧಿಕಾರಿಯ ಕಣ್ಣಿಗೆ ಭದ್ರತೆ ಕೈತಪ್ಪುವ ಮುನ್ಸೂಚನೆಯಾಗಿ ಕಾಣುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತನಾಡಿದ್ದು ಆರು ತಿಂಗಳು ಕಂತು ನಿಲ್ಲಿಸಿ ಎಂಬ ಕೋರಿಕೆಯ ಬಗ್ಗೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಕಂತಿನ ವಿರಾಮ ಸಿಕ್ಕಿತ್ತು, ಆದ್ದರಿಂದ ಕೇಳಿದರೆ ಈಗಲೂ ಸಿಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಅದು ಆ ಕಾಲಕ್ಕೆಂದೇ ಮಾಡಿದ ವಿಶೇಷ ಏರ್ಪಾಡು, ಮುಗಿದುಹೋಗಿದೆ. ಈಗಿನ ಸಾಮಾನ್ಯ ನಿಯಮದಲ್ಲಿ, ಹಣದ ತೊಂದರೆಯಲ್ಲಿರುವ ಸಾಲಗಾರರಿಗೆ ಕಂತಿನ ಮೊತ್ತ, ಅವಧಿ ಅಥವಾ ಬಡ್ಡಿಯಲ್ಲಿ ಬ್ಯಾಂಕ್ ರಿಯಾಯಿತಿ ಕೊಟ್ಟರೆ ಅದು ಸಾಲದ ಪುನರ್‌ರಚನೆ ಎನಿಸಿಕೊಳ್ಳುತ್ತದೆ. ಪುನರ್‌ರಚನೆಯಾದ ಖಾತೆಯನ್ನು ಕೂಡಲೇ ಅನುತ್ಪಾದಕ ಸಾಲದ, ಅಂದರೆ ಸರಿಯಾಗಿ ಮರುಪಾವತಿಯಾಗದ ಸಾಲಗಳ, ಪಟ್ಟಿಗೆ ಇಳಿಸಬೇಕು, ಕ್ರೆಡಿಟ್ ವರದಿಯಲ್ಲೂ ಆ ಗುರುತು ಕೂರುತ್ತದೆ. ಅಂದರೆ ಯಾವುದರಿಂದ ತಪ್ಪಿಸಿಕೊಳ್ಳಲು ಅವರು ಪತ್ರ ಬರೆಯುತ್ತಿದ್ದರೋ ಅದನ್ನೇ ಲಿಖಿತವಾಗಿ ಕೇಳಿದಂತಾಗುತ್ತಿತ್ತು. ಜೊತೆಗೆ ಬಡ್ಡಿ ನಿಲ್ಲುವುದಿಲ್ಲ. ಉಳಿದಿದ್ದ ಅಸಲು ಸುಮಾರು 5.06 ಲಕ್ಷ. ಆರು ತಿಂಗಳು ಏನೂ ಕಟ್ಟದಿದ್ದರೆ ಅದರ ಮೇಲೆ ಬೆಳೆಯುವ ಬಡ್ಡಿಯೇ ಸುಮಾರು 28,500 ರೂಪಾಯಿ.

ಅವರಿಗೆ ನಿಜವಾಗಿ ಬೇಕಾಗಿದ್ದುದು ಅಷ್ಟು ದೊಡ್ಡದಲ್ಲ. ವ್ಯಾಪಾರ ಬಿದ್ದಿರಲಿಲ್ಲ, ಹಣ ಬರುವುದು ತಡವಾಗಿತ್ತು ಅಷ್ಟೆ. ಇಂಥ ಪರಿಸ್ಥಿತಿಗೆ ರಿಸರ್ವ್ ಬ್ಯಾಂಕ್ ಸಣ್ಣ ಉದ್ದಿಮೆಗಳಿಗಾಗಿ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಒಂದು ಜಾಗವಿದೆ. ತೊಂದರೆಯ ಸೂಚನೆ ಕಂಡಾಗ ಬ್ಯಾಂಕ್ ಮೂರರಲ್ಲಿ ಒಂದು ದಾರಿ ಹಿಡಿಯಬಹುದು: ಖಾತೆಯನ್ನು ಸರಿಪಡಿಸುವುದು, ಸಾಲವನ್ನು ಪುನರ್‌ರಚಿಸುವುದು, ವಸೂಲಿ. ಸರಿಪಡಿಸುವುದು ಎಂದರೆ, ಯಾವ ದಿನ ಏನು ಮಾಡುತ್ತೇನೆಂದು ಸಾಲಗಾರರು ಬದ್ಧತೆ ಬರೆದುಕೊಡುವುದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ತೋರಿಸುವುದು. ಬ್ಯಾಂಕ್ ಇಲ್ಲಿ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಒಟ್ಟು ಸಾಲ 10 ಲಕ್ಷದೊಳಗಿದ್ದರೆ ಈ ಪರಿಶೀಲನೆ ಶಾಖಾ ವ್ಯವಸ್ಥಾಪಕರ ಮಟ್ಟದಲ್ಲೇ ನಡೆಯಬಹುದು, ಮೇಲಿನ ಸಮಿತಿಗೆ ಹೋಗಬೇಕಾಗಿಲ್ಲ. ತೊಂದರೆ ಬರಲಿದೆ ಎನಿಸಿದರೆ ಸಾಲಗಾರರೇ ಮೊದಲು ಬರೆಯಬಹುದು ಎಂಬುದೂ ಅದರಲ್ಲಿದೆ.

ಇಮೇಲ್‌ನ ಆಕಾರ ಅಲ್ಲಿಗೆ ತಾನಾಗಿ ಸಿಕ್ಕಿತು. ಬದ್ಧತೆ, ದಿನಾಂಕ, ಹಣದ ಮೂಲ: ಈ ಮೂರನ್ನು ಮ್ಯಾನೇಜರ್ ಹಾಗೆಯೇ ತಮ್ಮ ಟಿಪ್ಪಣಿಗೆ ಎತ್ತಿಕೊಳ್ಳುವಂತಿರಬೇಕು.

ದಿನಾಂಕಗಳನ್ನು ಮನಸ್ಸಿಗೆ ಬಂದಂತೆ ಹಾಕುವಂತಿರಲಿಲ್ಲ. ಕಂತು ತಪ್ಪಿದ ದಿನದಿಂದ ಬ್ಯಾಂಕಿನ ಗಣಕದಲ್ಲಿ ಎಣಿಕೆ ಶುರುವಾಗುತ್ತದೆ. 30 ದಿನ, 60 ದಿನ, 90 ದಿನ ಎಂಬ ಮೂರು ಗೆರೆಗಳಿವೆ. ಮೊದಲ ಎರಡು ಗೆರೆ ದಾಟಿದಾಗ ಖಾತೆ ಎಚ್ಚರಿಕೆಯ ಒಂದೊಂದು ಮೆಟ್ಟಿಲು ಮೇಲೇರುತ್ತದೆ, ಮೂರನೆಯದನ್ನು ದಾಟಿದರೆ ಅನುತ್ಪಾದಕ. ಆಗಸ್ಟ್ 5ರಿಂದ ಎಣಿಸಿದರೆ ಮೊದಲ ಗೆರೆ ಸೆಪ್ಟೆಂಬರ್ 4ಕ್ಕೇ ದಾಟಿಹೋಗಿತ್ತು. ಎರಡನೆಯದು ಅಕ್ಟೋಬರ್ 4, ಮೂರನೆಯದು ನವೆಂಬರ್ 3. ಅನುತ್ಪಾದಕ ಎಂದಾದ ಮೇಲೆ ಒಂದೆರಡು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ಪೂರ್ತಿ ತೀರಬೇಕು. ಅದಕ್ಕೂ ಮುನ್ನ ಕಟ್ಟಿದ ಹಣ ಹಳೆಯ ಕಂತಿಗೆ ಮೊದಲು ಜಮೆಯಾಗುತ್ತದೆ, ಹಳೆಯದು ತೀರಿದರೆ ಎಣಿಕೆ ಮುಂದಿನ ಕಂತಿನ ದಿನದಿಂದ ಹೊಸದಾಗಿ ಶುರುವಾಗುತ್ತದೆ.

ಕೂಲಿ, ಬಾಡಿಗೆ, ಕರೆಂಟು ಕಳೆದು ತಿಂಗಳಿಗೆ 9,000 ಉಳಿಸಬಲ್ಲೆ ಎಂದರು. ಸೆಪ್ಟೆಂಬರ್ 20ಕ್ಕೆ ಒಮ್ಮೆ, ಅಕ್ಟೋಬರ್ 5ಕ್ಕೆ ಇನ್ನೊಮ್ಮೆ ಕೊಡುವುದು ಅವರ ಯೋಚನೆ. ಎರಡನೆಯದನ್ನು ಅಕ್ಟೋಬರ್ 3ಕ್ಕೆ ತಂದೆವು. ಎರಡೇ ದಿನದ ವ್ಯತ್ಯಾಸ, ಆದರೆ ಆಗಸ್ಟ್ ಕಂತು 60ನೇ ದಿನಕ್ಕೆ ಮೊದಲೇ ತೀರುತ್ತದೆ. 92,000 ಕೊಡಬೇಕಾದ ಶಾಲೆ ಅಕ್ಟೋಬರ್ 25ರೊಳಗೆ ಕೊಡುವುದಾಗಿ ಹೇಳಿತ್ತು. ಹೇಳಿದರೆ ಸಾಲದು, ತಲೆಬರಹವಿರುವ ಕಾಗದದಲ್ಲಿ ಒಂದು ಸಾಲು ಬರೆಸಿಕೊಂಡು ಬನ್ನಿ ಎಂದೆ. ಹೋಗಿ ಬರೆಸಿಕೊಂಡು ಬಂದರು. ಇನ್ನೊಂದು ಶಾಲೆಯದು ಲೆಕ್ಕಿಗರ ವಾಟ್ಸ್‌ಆ್ಯಪ್ ಸಂದೇಶ ಮಾತ್ರ. ಆದ್ದರಿಂದ ಆ 58,000ವನ್ನು ಬಾಕಿ ತೀರಿಸುವ ಲೆಕ್ಕಕ್ಕೆ ಸೇರಿಸಲಿಲ್ಲ. ಕಾಗದವಿಲ್ಲದ ಹಣದ ಮೇಲೆ ದಿನಾಂಕ ಕೊಡುವುದು ಬೇಡವೆನಿಸಿತು. 92,000ದಲ್ಲೂ 45,000 ಬಟ್ಟೆ ವ್ಯಾಪಾರಿಗೆ ಹೋಗಬೇಕಿತ್ತು. ಅವನಿಗೆ ಕೊಡದಿದ್ದರೆ ಮುಂದಿನ ಹಂಗಾಮಿಗೆ ಬಟ್ಟೆ ಇಲ್ಲ, ಬಟ್ಟೆ ಇಲ್ಲದಿದ್ದರೆ ಕಂತೂ ಇಲ್ಲ. ಅದನ್ನು ಕಳೆದೂ ಬಾಕಿಗೆ ಸಾಕಾಗುತ್ತಿತ್ತು.

ಕೊನೆಗೆ ಹೋದ ಇಮೇಲ್ ಇದು:

ವಿಷಯ: ಮುದ್ರಾ ಸಾಲ ಖಾತೆ ಸಂಖ್ಯೆ ……, ಎರಡು ಕಂತುಗಳ ಬಾಕಿ, ಅಕ್ಟೋಬರ್ 28ರೊಳಗೆ ತೀರಿಸುವ ಯೋಜನೆ

"ಮಾನ್ಯರೇ,

ಮೇಲಿನ ಖಾತೆಯಲ್ಲಿ ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರ ಕಂತುಗಳನ್ನು, ಒಟ್ಟು 34,788 ರೂಪಾಯಿ, ನಾನು ಕಟ್ಟಿಲ್ಲ. ಅದಕ್ಕೆ ಹಿಂದಿನ 26 ಕಂತುಗಳು ನಿಗದಿತ ದಿನದಂದೇ ಸಂದಿವೆ.

ಜೂನ್‌ನಲ್ಲಿ ಪೂರೈಸಿದ ಸಮವಸ್ತ್ರಕ್ಕೆ ಎರಡು ಶಾಲೆಗಳಿಂದ 1,50,000 ರೂಪಾಯಿ ಬರುವುದು ತಡವಾಗಿದೆ. ಇಂಥ ಸಂದರ್ಭಕ್ಕೆಂದು ಇಟ್ಟಿದ್ದ ಹಣ ಮನೆಯ ವೈದ್ಯಕೀಯ ವೆಚ್ಚಕ್ಕೆ ಬಳಕೆಯಾಯಿತು. ಘಟಕ ಎಂದಿನಂತೆ ನಡೆಯುತ್ತಿದೆ.

ಬಾಕಿಯನ್ನು ಹೀಗೆ ಕಟ್ಟುತ್ತೇನೆ:
ಸೆಪ್ಟೆಂಬರ್ 20: 9,000 ರೂಪಾಯಿ, ಘಟಕದ ಆದಾಯದಿಂದ.
ಅಕ್ಟೋಬರ್ 3: 9,000 ರೂಪಾಯಿ, ಘಟಕದ ಆದಾಯದಿಂದ. ಇದರೊಂದಿಗೆ ಆಗಸ್ಟ್ ಕಂತು ತೀರುತ್ತದೆ.
ಅಕ್ಟೋಬರ್ 28: 34,182 ರೂಪಾಯಿ ಮತ್ತು ಅಲ್ಲಿಯವರೆಗಿನ ದಂಡ ಶುಲ್ಕ, ಶಾಲೆಯಿಂದ ಬರುವ 92,000 ರೂಪಾಯಿಯಿಂದ. ಇದರೊಂದಿಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಕಂತುಗಳು ತೀರುತ್ತವೆ.
ನವೆಂಬರ್ 5ರಿಂದ: ಎಂದಿನ ಕಂತು 17,394 ರೂಪಾಯಿ.

ಶಾಲೆಯ ಹಣ ಅಕ್ಟೋಬರ್ 25ಕ್ಕೆ ಬಾರದಿದ್ದರೆ ಅಂದೇ ತಮಗೆ ತಿಳಿಸುತ್ತೇನೆ. ಆಗ ನನ್ನ ಚೀಟಿಯ ಹಣದಿಂದ 16,788 ರೂಪಾಯಿಯನ್ನು ನವೆಂಬರ್ 2ರೊಳಗೆ ಕಟ್ಟಿ ಸೆಪ್ಟೆಂಬರ್ ಕಂತನ್ನು ತೀರಿಸುತ್ತೇನೆ.

ಸಾಲದ ಅವಧಿ, ಬಡ್ಡಿ ಅಥವಾ ಕಂತಿನ ಮೊತ್ತವನ್ನು ಬದಲಿಸಬೇಕೆಂದು ನಾನು ಕೋರುತ್ತಿಲ್ಲ. ಈ ಯೋಜನೆಯನ್ನು ಖಾತೆಯ ಕಡತದಲ್ಲಿ ದಾಖಲಿಸಿ, ಒಪ್ಪಿಗೆಯನ್ನೋ ಬೇಕಾದ ತಿದ್ದುಪಡಿಯನ್ನೋ ಸೆಪ್ಟೆಂಬರ್ 18ರೊಳಗೆ ಇಮೇಲ್ ಮೂಲಕ ತಿಳಿಸಬೇಕೆಂದು ಕೋರುತ್ತೇನೆ. ತಾವು ಹೇಳಿದ ದಿನ ಶಾಖೆಗೆ ಬಂದು ಮಾತನಾಡಲು ಸಿದ್ಧಳಿದ್ದೇನೆ.

ಶಾಲೆಯ ಪತ್ರ, ಎರಡೂ ಬಿಲ್‌ಗಳ ಪ್ರತಿ, ಉದ್ಯಮ್ ನೋಂದಣಿ ಪತ್ರ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ"

ಮೊದಲ ವಾಕ್ಯವೇ ಕಟ್ಟಿಲ್ಲ ಎಂದು ಒಪ್ಪಿಕೊಳ್ಳುವುದು ಅವರಿಗೆ ಕಸಿವಿಸಿಯಾಗಿತ್ತು. ಆದರೆ ಬ್ಯಾಂಕಿಗೆ ಅದು ಗೊತ್ತಿರುವ ಸಂಗತಿ. ನಾವೇ ಮೊತ್ತದ ಸಮೇತ ಹೇಳಿದರೆ ಅದರ ಬಗ್ಗೆ ಮತ್ತೆ ವಿಚಾರಣೆಯ ಮಾತು ಬರುವುದಿಲ್ಲ. ಗಂಡನ ಆರೋಗ್ಯದ ವಿಷಯವನ್ನು ಪೂರ್ತಿ ಬಿಟ್ಟುಬಿಡೋಣವೇ ಎಂದು ಅವರೇ ಕೇಳಿದರು. ಬಿಡಲಿಲ್ಲ. ಎರಡು ತಿಂಗಳ ತಡಕ್ಕೇ ಘಟಕ ಏಕೆ ಅಲುಗಾಡಿತು ಎಂಬ ಪ್ರಶ್ನೆ ಓದುವವರಿಗೆ ಬಂದೇ ಬರುತ್ತದೆ, ಅದಕ್ಕೆ ಉತ್ತರ ಆ ಒಂದು ವಾಕ್ಯ. ಯಾವ ಆಸ್ಪತ್ರೆ, ಯಾವ ಕಾಯಿಲೆ ಎಂಬುದು ಬ್ಯಾಂಕಿಗೆ ಬೇಡ.

ದಂಡ ಶುಲ್ಕದ ಮನ್ನಾ ಕೇಳಲಿಲ್ಲ. ಶುಲ್ಕ ಕೆಲವು ನೂರು ರೂಪಾಯಿಯ ವಿಚಾರವಾಗಿತ್ತು, 2024ರಿಂದ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತೆಯೂ ಇಲ್ಲ. ಅಷ್ಟಕ್ಕಾಗಿ, ಏನನ್ನೂ ಬಿಟ್ಟುಕೊಡಿ ಎನ್ನದ ಪ್ರಸ್ತಾಪದ ಗಟ್ಟಿತನವನ್ನು ಕೆಡಿಸಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ಖಾತೆ ಸರಿಯಾದ ಮೇಲೆ ಬೇಕಾದರೆ ಕೇಳಬಹುದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಶಾಲೆಗಳ ವ್ಯಾಪಾರವೇ ಕೈತಪ್ಪಿ, ಮುಂದೆಯೂ ತಿಂಗಳಿಗೆ 9,000ಕ್ಕಿಂತ ಹೆಚ್ಚು ಉಳಿಯುವುದಿಲ್ಲ ಎಂದಾಗಿದ್ದರೆ ಈ ಇಮೇಲ್ ಪೊಳ್ಳು ಭರವಸೆಯಾಗುತ್ತಿತ್ತು. ಆಗ ಪುನರ್‌ರಚನೆಯನ್ನೇ, ಅದರ ಬೆಲೆ ಗೊತ್ತಿದ್ದೂ, ಬೇಗ ಕೇಳುವುದು ಸರಿ. ಇಲ್ಲಿ ನವೆಂಬರ್‌ನಿಂದ ತಿಂಗಳಿಗೆ 8,394 ರೂಪಾಯಿ ಕೊರತೆ ಬೀಳುತ್ತಿತ್ತು. ನವೆಂಬರಿನದಕ್ಕೆ ಮೊದಲ ಶಾಲೆಯ ಹಣದಲ್ಲಿ ಉಳಿದದ್ದು ಸಾಕಿತ್ತು. ಎರಡನೇ ಶಾಲೆಯ 58,000 ತಡವಾಗಿ ಬಂದರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕೊರತೆಯನ್ನು ತುಂಬುತ್ತಿತ್ತು, ಏಪ್ರಿಲ್‌ನಲ್ಲಿ ಹೊಸ ಹಂಗಾಮಿನ ಮುಂಗಡ ಬರುತ್ತದೆ. ಈ ಲೆಕ್ಕವನ್ನು ಇಮೇಲ್‌ನಲ್ಲಿ ಹಾಕಲಿಲ್ಲ, ಆದರೆ ಮ್ಯಾನೇಜರ್ ಕೇಳಿದರೆ ಹೇಳಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರು. ಅವರು ಕೇಳಿಯೂ ಕೇಳಿದರು.

ಉತ್ತರ ಬಂದದ್ದು ಸೆಪ್ಟೆಂಬರ್ 19ರಂದು, ಎರಡೇ ಸಾಲು: ಯೋಜನೆಯನ್ನು ಗಮನಿಸಲಾಗಿದೆ, ಅದರಂತೆ ಪಾವತಿಸತಕ್ಕದ್ದು, ಶಾಖೆಗೆ ಬಂದು ಕಾಣುವುದು. ಒಪ್ಪಿದ್ದೇವೆ ಎಂದು ಬರೆದಿರಲಿಲ್ಲ. ಹೆಚ್ಚಿನ ಮ್ಯಾನೇಜರುಗಳು ಹಾಗೆ ಬರೆಯುವುದೂ ಇಲ್ಲ, ಅದರಿಂದ ನಿರಾಶರಾಗಬೇಕಿಲ್ಲ. ದಿನಗಳ ಎಣಿಕೆಯನ್ನು ಈ ಇಮೇಲ್ ನಿಲ್ಲಿಸುವುದಿಲ್ಲ, ಅದನ್ನು ನಿಲ್ಲಿಸುವುದು ಹಣ ಮಾತ್ರ. ಇಮೇಲ್‌ನಿಂದ ಆದ ಬದಲಾವಣೆ ಎಂದರೆ, ದಿನವೂ ಬರುತ್ತಿದ್ದ ಕರೆ ನಿಂತು, ಕಂತಿನ ಹಿಂದಿನ ದಿನ ಒಬ್ಬ ಅಧಿಕಾರಿ ನೆನಪಿಸುವಷ್ಟಕ್ಕೆ ಬಂತು.

ಅಕ್ಟೋಬರ್ 3ರಂದು ಒಂದು ಸಣ್ಣ ತೊಡಕು ಎದುರಾಯಿತು. ಎರಡು ಪಾವತಿ ಸೇರಿ 18,000, ಕಂತು 17,394, ಹೆಚ್ಚಿಗೆ ಇದ್ದದ್ದು 606 ರೂಪಾಯಿ. ಕೆಲವು ಬ್ಯಾಂಕುಗಳಲ್ಲಿ ಕಟ್ಟಿದ ಹಣದಿಂದ ಶುಲ್ಕವನ್ನು ಮೊದಲು ಕತ್ತರಿಸಿಕೊಂಡು ಉಳಿದದ್ದನ್ನು ಕಂತಿಗೆ ಹಾಕುತ್ತಾರೆ. ಹಾಗಾದರೆ ಕಂತಿಗೆ ಒಂದಿಷ್ಟು ಕಡಿಮೆ ಬಿದ್ದು ಆಗಸ್ಟ್ ಕಂತು ತೀರದೆ ಉಳಿಯುವ ಅಪಾಯವಿತ್ತು. ಆಗಸ್ಟ್ ಕಂತು ಪೂರ್ತಿ ತೀರಲು ಇವತ್ತು ಎಷ್ಟು ಕಟ್ಟಬೇಕು ಎಂದು ಕೌಂಟರಿನಲ್ಲಿ ಕೇಳಿ, ಅವರು ಹೇಳಿದಂತೆ 9,400 ಕಟ್ಟಿ, ಸಾಲದ ಖಾತೆಯ ವಿವರಪಟ್ಟಿ ಮುದ್ರಿಸಿಕೊಂಡು ಬಂದರು.

ಶಾಲೆ ಮಾತು ಅರ್ಧ ಉಳಿಸಿಕೊಂಡಿತು. ಅಕ್ಟೋಬರ್ 27ರಂದು 50,000 ಬಂತು, ಮಿಕ್ಕದ್ದು ದೀಪಾವಳಿಯ ನಂತರ ಎಂದರು. 25ಕ್ಕೆ ಹಣ ಬಾರದಿದ್ದಾಗ ಅಂದೇ ಮ್ಯಾನೇಜರಿಗೆ ಒಂದು ಸಾಲಿನ ಇಮೇಲ್ ಹೋಗಿತ್ತು. 28ರಂದು ಉಳಿದ ಬಾಕಿಯೂ ಶುಲ್ಕವೂ ಪೂರ್ತಿ ಸಂದಾಯವಾದವು. ಬಟ್ಟೆ ವ್ಯಾಪಾರಿಗೆ ಆ ವಾರ ಸಿಕ್ಕಿದ್ದು 5,000 ಮಾತ್ರ. ಅವನಿಗೂ ಅವರು ಇದೇ ಮಾದರಿಯಲ್ಲಿ, ದಿನಾಂಕ ಹಾಕಿ, ಚೀಟಿ ಬರೆದುಕೊಟ್ಟರಂತೆ. ಅದಕ್ಕೆ ನನ್ನನ್ನು ಕೇಳಲಿಲ್ಲ.

ಕ್ರೆಡಿಟ್ ವರದಿಯಲ್ಲಿ ಆ ಕೆಲವು ತಿಂಗಳುಗಳ ಎದುರು ತಡವಾದ ದಿನಗಳ ಅಂಕಿ ಉಳಿದಿದೆ. ಅಲ್ಲಿ 36 ತಿಂಗಳ ಪಾವತಿ ಚರಿತ್ರೆ ಕಾಣುವುದರಿಂದ ಅದು ಸದ್ಯಕ್ಕೆ ಹೋಗುವುದಿಲ್ಲ. ಮುಂದೆ ಹೊಸ ಸಾಲ ಕೇಳುವಾಗ ಯಾರಾದರೂ ಅದರತ್ತ ಬೆರಳು ತೋರಿಸಿದರೆ ಕೊಡಲು ಆ ಇಮೇಲ್, ಎರಡು ಸಾಲಿನ ಉತ್ತರ ಮತ್ತು ಅಕ್ಟೋಬರ್ 28ರ ವಿವರಪಟ್ಟಿಯನ್ನು ಒಟ್ಟಿಗೆ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ.